ಮೊದಲ ಆರು ವಾರಕ್ಕೆ 2,000 ಯೂರೋ: ಫಾರೆಕ್ಸ್ ಕಾರ್ಡಾ, ಡೆಬಿಟ್ ಕಾರ್ಡಾ, ಕೈಯಲ್ಲಿ ನೋಟಾ?

ಬೆಣ್ಣೆದೋಸೆ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಗೆ ಎಂಎಸ್ ಓದಲು ಜರ್ಮನಿಯ ಡ್ರೆಸ್ಡೆನ್‌ಗೆ ಹೊರಟಿದ್ದೇನೆ. ನಮ್ಮ ಮನೆಯಲ್ಲಿ ವಿಮಾನ ಹತ್ತುತ್ತಿರುವವಳು ನಾನೇ ಮೊದಲು. ವೀಸಾ ಕೈಗೆ ಬಂತು. ವೀಸಾಕ್ಕಾಗಿ ಖರ್ಚಿನ ದುಡ್ಡು ಮೊದಲೇ ಇಡಬೇಕಾದ ಬ್ಲಾಕ್ಡ್ ಅಕೌಂಟಿಗೆ ಒಂದು ವರ್ಷದ 11,904 ಯೂರೋ ಅಪ್ಪ ಕಳಿಸಿಯಾಗಿದೆ. ಅದರಿಂದ ತಿಂಗಳಿಗೆ 992 ಯೂರೋ ಸಿಗುತ್ತದೆ. ಆದರೆ ಅಲ್ಲಿಗೆ ಹೋಗಿ, ಅಲ್ಲಿನ ಬ್ಯಾಂಕಲ್ಲಿ ಖಾತೆ ತೆರೆದ ಮೇಲೇ. ಅದಕ್ಕೆ ನಾಲ್ಕರಿಂದ ಆರು ವಾರ ಹಿಡಿಯಬಹುದು ಅಂತ ಸೀನಿಯರ್ಸ್ ಹೇಳುತ್ತಾರೆ. ಅಲ್ಲಿಯವರೆಗೆ ಖರ್ಚಿಗೆ ಅಂತ 2,000 ಯೂರೋ ಲೆಕ್ಕ ಹಾಕಿದ್ದೇವೆ.

ಈ ದುಡ್ಡನ್ನು ಹೇಗೆ ಒಯ್ಯಬೇಕು ಅನ್ನುವುದೇ ಜಗಳ. ಅಪ್ಪ ಅಡಿಕೆ ಮಂಡಿಯಲ್ಲಿ ಕೂತವರು, ಅವರಿಗೆ ಎಣಿಸುವ ಹಾಗಿದ್ದರೆ ಮಾತ್ರ ದುಡ್ಡು. ಪೂರ್ತಿ ನೋಟಲ್ಲೇ ಕೊಡುತ್ತೇನೆ ಅನ್ನುತ್ತಾರೆ. ಬ್ಯಾಂಕಿನವರು ಮೊದಲೇ ಯೂರೋ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡ್ ತಗೊಳ್ಳಿ ಅಂದರು. ಅಣ್ಣ, ಡೆಬಿಟ್ ಕಾರ್ಡ್ ಮೇಲೆ ಇಂಟರ್‌ನ್ಯಾಷನಲ್ ಅಂತ ಬರೆದಿದೆಯಲ್ಲ, ಅದೇ ಸಾಕು ಅನ್ನುತ್ತಾನೆ. ಹೋಗಿಬಂದವರು ಹೇಳಿ.

ಕೋರಮಂಗಲ_ಕಾಫಿ

ಫಾರೆಕ್ಸ್ ಕಾರ್ಡ್ ಬ್ಯಾಂಕಿನವರ ವ್ಯಾಪಾರ ಅಷ್ಟೇ. ಝೀರೋ ಮಾರ್ಕಪ್ ಡೆಬಿಟ್ ಕಾರ್ಡ್, ಅಂದರೆ ವಿನಿಮಯ ದರದ ಮೇಲೆ ಬ್ಯಾಂಕು ಏನೂ ಸೇರಿಸದ ಕಾರ್ಡ್, ಒಂದು ಮಾಡಿಸಿಕೊಳ್ಳಿ. ದುಡ್ಡು ರೂಪಾಯಿಯಲ್ಲೇ ಖಾತೆಯಲ್ಲಿರುತ್ತದೆ, ಉಜ್ಜಿದಾಗ ಯೂರೋ ಆಗುತ್ತದೆ. ನಾನು ಆಫೀಸ್ ಕೆಲಸಕ್ಕೆ ಆಮ್‌ಸ್ಟರ್‌ಡ್ಯಾಮ್‌ಗೆ ನಾಲ್ಕು ಸಲ ಹೋಗಿದ್ದೇನೆ, ಒಂದು ನೋಟೂ ಮುಟ್ಟಿಲ್ಲ. ಕ್ಯಾಶ್ ಎಲ್ಲ ಹಳೇ ಕಾಲದ್ದು.

ಶಿರಸಿ_ಅಪ್ಪೆಹುಳಿ

ಐದು ದಿನಕ್ಕೆ 2,000 ಯೂರೋ ಯಾಕೆ ಬೇಕು? ನಾವು ಬ್ಯಾಂಕಾಕ್‌ಗೆ ಗುಂಪಲ್ಲಿ ಹೋದಾಗ ತಲೆಗೆ 300 ಡಾಲರ್ ಒಯ್ದಿದ್ದೆವು, ಅದರಲ್ಲೂ ಉಳಿಯಿತು. ಅಲ್ಲಿ ಎಟಿಎಂ ಮಾತ್ರ ಮುಟ್ಟಬೇಡಿ. ನಾವು ಹೋದಾಗ ಒಂದು ಸಲಕ್ಕೆ 220 ಬಾತ್ ಹಿಡಿಯುತ್ತಿದ್ದರು, ತೆಗೆಯುವ ದುಡ್ಡು ಎಷ್ಟೇ ಇರಲಿ.

ಬೆಣ್ಣೆದೋಸೆ_ದಾವಣಗೆರೆ

ಅಯ್ಯೋ, ಟೂರ್ ಅಲ್ಲ ಸರ್, ಎರಡು ವರ್ಷ ಓದಲು ಹೋಗುತ್ತಿದ್ದೇನೆ 😅

ಎಲ್ಬೆ_ದಂಡೆ_ಹೈದ

ತಂಗಿ, ನಾನು ಡ್ರೆಸ್ಡೆನ್‌ನಲ್ಲೇ ಇದ್ದೇನೆ, ಮೂರು ವರ್ಷ ಆಯಿತು. ಊರು ಮಂಡ್ಯ. ಮೂರರಲ್ಲಿ ಯಾವುದು ಒಳ್ಳೆಯದು ಅನ್ನುವುದನ್ನು ಸ್ವಲ್ಪ ಬದಿಗಿಡು. ಆ 2,000 ಯಾರ್ಯಾರಿಗೆ ಹೋಗುತ್ತದೆ, ಯಾವತ್ತು ಹೋಗುತ್ತದೆ ಅಂತ ಮೊದಲು ಬರಿ. ಹಾಸ್ಟೆಲ್ ಸಿಕ್ಕಿದೆಯಾ? ಡಿಪಾಸಿಟ್ ಕಟ್ಟಿ ಆಯಿತಾ?

ಬೆಣ್ಣೆದೋಸೆ_ದಾವಣಗೆರೆ

ಅಣ್ಣಾ, ಹಾಸ್ಟೆಲ್ ರೂಮ್ ಅಕ್ಟೋಬರ್ 1ರಿಂದ ಸಿಕ್ಕಿದೆ. ಡಿಪಾಸಿಟ್ 500, ಮೊದಲ ತಿಂಗಳ ಬಾಡಿಗೆ 350, ಒಟ್ಟು 850 ಅಕ್ಟೋಬರ್ 3ರೊಳಗೆ ಕಟ್ಟಬೇಕು. ಅಲ್ಲಿಗೆ ಹೋದ ಮೇಲೆ ಕಾರ್ಡ್ ಉಜ್ಜಿ ಕಟ್ಟೋಣ ಅಂತಿದ್ದೆ. ಉಳಿದ 1,150ರಲ್ಲಿ ಹಾಸಿಗೆ, ಹೊದಿಕೆ, ಪಾತ್ರೆ, ಸಿಮ್, ಊಟ, ಓಡಾಟ.

ಎಲ್ಬೆ_ದಂಡೆ_ಹೈದ

ಅದನ್ನೇ ಅಂದುಕೊಂಡೆ. ನೀನು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ, ಪ್ರತಿ ವರ್ಷ ಹತ್ತಾರು ಮಕ್ಕಳು ಸಿಕ್ಕಿಹಾಕಿಕೊಳ್ಳುವುದೂ ಇಲ್ಲೇ. ಇಲ್ಲಿ ಹಾಸ್ಟೆಲ್ ಡಿಪಾಸಿಟ್, ಬಾಡಿಗೆ ಇವೆಲ್ಲ ಖಾತೆಯಿಂದ ಖಾತೆಗೆ ಹೋಗಬೇಕು. ಪತ್ರದ ಕೆಳಗೆ DE ಅಂತ ಶುರುವಾಗುವ 22 ಅಕ್ಷರದ ಐಬ್ಯಾನ್ ನಂಬರ್ ಕೊಟ್ಟಿರುತ್ತಾರೆ, ನೋಡು. ಆಫೀಸಿಗೆ ಹೋದರೆ ಕಾರ್ಡ್ ಉಜ್ಜುವ ಮಿಷನ್ ಇರುವುದಿಲ್ಲ, ನೋಟೂ ಮುಟ್ಟುವುದಿಲ್ಲ. ಫಾರೆಕ್ಸ್ ಕಾರ್ಡಲ್ಲಿ 2,000 ಯೂರೋ ಇದ್ದರೂ ಅದರಿಂದ ಐಬ್ಯಾನಿಗೆ ಒಂದು ಯೂರೋ ಕಳಿಸಲು ಆಗಲ್ಲ. ಅದು ಅಂಗಡಿಯಲ್ಲಿ ಉಜ್ಜಲು, ಎಟಿಎಂನಲ್ಲಿ ತೆಗೆಯಲು, ಆನ್‌ಲೈನಲ್ಲಿ ಕೊಳ್ಳಲು ಮಾತ್ರ. ಡೆಬಿಟ್ ಕಾರ್ಡಿಗೂ ಇದೇ ಮಾತು.

ನನಗೆ ಹೀಗೇ ಆಯಿತು. ಫಾರೆಕ್ಸ್ ಕಾರ್ಡಿಂದ ಎರಡು ದಿನ ಎಟಿಎಂ ಸುತ್ತಿ ದುಡ್ಡು ತೆಗೆದೆ. ಒಂದೇ ದಿನ ಅಷ್ಟು ತೆಗೆಯಲು ಕಾರ್ಡಿನ ಮಿತಿ ಬಿಡಲಿಲ್ಲ. ಆಮೇಲೆ ಆ ನೋಟನ್ನು ಹಿಡಿದು ಒಂದು ಬ್ಯಾಂಕಿಗೆ ಹೋದರೆ, ಇಲ್ಲಿ ಖಾತೆ ಇಲ್ಲದವರ ಕ್ಯಾಶ್ ತಗೊಂಡು ಬೇರೆಯವರ ಖಾತೆಗೆ ಹಾಕುವುದಿಲ್ಲ ಅಂದರು. ಕೊನೆಗೆ ಪಕ್ಕದ ರೂಮಿನ ತಮಿಳು ಹುಡುಗನ ಕೈಗೆ ನೋಟು ಕೊಟ್ಟು, ಅವನ ಖಾತೆಯಿಂದ ಕಳಿಸಿದೆ. ಅವನು ಸಿಗದೇ ಇದ್ದಿದ್ದರೆ ಏನು ಗತಿ ಅಂತ ಈಗಲೂ ಅನ್ನಿಸುತ್ತದೆ.

ಅದಕ್ಕೆ ಆ 850ನ್ನು ಊರಿಂದಲೇ, ನೀನು ಹೊರಡುವ ಒಂದು ವಾರ ಮೊದಲು, ಮನೆಯವರ ಖಾತೆಯಿಂದ ನೇರ ಹಾಸ್ಟೆಲ್ ಖಾತೆಗೆ ಕಳಿಸಿಬಿಡಿ. ಬ್ಲಾಕ್ಡ್ ಅಕೌಂಟಿಗೆ ಕಳಿಸಿದ ಹಾಗೇ. ನಿನ್ನ ಹೆಸರು, ಹಾಸ್ಟೆಲಿನವರು ಕೊಟ್ಟ ನಂಬರ್ ಎರಡನ್ನೂ ವಿವರದಲ್ಲಿ ಬರೆಸಲೇಬೇಕು, ಇಲ್ಲದಿದ್ದರೆ ಯಾರ ದುಡ್ಡು ಅಂತ ಅವರಿಗೆ ಗೊತ್ತಾಗಲ್ಲ. ಆಮೇಲೆ ನಿನಗೆ ಉಳಿಯುವ ಪ್ರಶ್ನೆ 1,150ರದ್ದು ಮಾತ್ರ.

ಬೆಣ್ಣೆದೋಸೆ_ದಾವಣಗೆರೆ

ಈಗ ಪತ್ರ ತೆಗೆದು ನೋಡಿದೆ. ಹೌದು, ಬರೀ ಐಬ್ಯಾನ್ ಇದೆ! ಯಾರೂ ಇದನ್ನು ಹೇಳಿರಲಿಲ್ಲ ಅಣ್ಣಾ.

ನಿವೃತ್ತ_ಕೌಂಟರ್_ನಂ3

ಮಗಳೇ, ನಾನು ಬ್ಯಾಂಕಿನ ವಿದೇಶಿ ವಿನಿಮಯ ಕೌಂಟರಿನಲ್ಲಿ ಹನ್ನೊಂದು ವರ್ಷ ಕೂತವನು. ಮೇಲಿನ ಹುಡುಗ ಹೇಳಿದ್ದು ಸರಿ. ಅದರ ಜೊತೆಗೆ ಎರಡು ಮಾತು.

ಕಳಿಸುವಾಗ ಫಾರಂನಲ್ಲಿ ಚಾರ್ಜ್ ಯಾರದ್ದು ಅಂತ ಒಂದು ಕಡೆ ಕೇಳುತ್ತದೆ. SHA ಅಂತ ಬಿಟ್ಟರೆ ದಾರಿಯಲ್ಲಿರುವ ಬ್ಯಾಂಕು ತನ್ನ ಪಾಲು ಮುರಿದುಕೊಳ್ಳಬಹುದು. 850 ಕಳಿಸಿದರೆ ಅಲ್ಲಿಗೆ ಎಂಟು ಹತ್ತು ಯೂರೋ ಕಮ್ಮಿ ಮುಟ್ಟುತ್ತದೆ, ಹಾಸ್ಟೆಲಿನವರು ಬಾಕಿ ಇದೆ ಅಂತ ಪತ್ರ ಬರೆಯುತ್ತಾರೆ. OUR ಅಂತ ಹಾಕಿಸಿ. ಇಲ್ಲಿ ಸ್ವಲ್ಪ ಜಾಸ್ತಿ ಹೋಗುತ್ತದೆ, ಅಲ್ಲಿಗೆ ಪೂರ್ತಿ ಮುಟ್ಟುತ್ತದೆ.

ಎರಡನೆಯದು ಟಿಸಿಎಸ್, ಹೊರದೇಶಕ್ಕೆ ದುಡ್ಡು ಕಳಿಸುವಾಗ ಬ್ಯಾಂಕು ಮುಂಗಡವಾಗಿ ಹಿಡಿಯುವ ತೆರಿಗೆ. ಬ್ಲಾಕ್ಡ್ ಅಕೌಂಟಿಗೆ ಕಳಿಸಿದ್ದು ಸಾಲದ ದುಡ್ಡಾ, ಸ್ವಂತದ್ದಾ? ಯಾರ ಪ್ಯಾನ್ ಮೇಲೆ ಹೋಯಿತು?

ಬೆಣ್ಣೆದೋಸೆ_ದಾವಣಗೆರೆ

ಸ್ವಂತದ್ದು ಸರ್. ಅಪ್ಪನ ಪ್ಯಾನ್.

ನಿವೃತ್ತ_ಕೌಂಟರ್_ನಂ3

ಹಾಗಾದರೆ ಕೇಳು. ಒಂದು ಹಣಕಾಸು ವರ್ಷದಲ್ಲಿ ಒಂದು ಪ್ಯಾನ್ ಮೇಲೆ ಹೊರದೇಶಕ್ಕೆ ಹೋಗುವ ದುಡ್ಡು 10 ಲಕ್ಷ ದಾಟುವವರೆಗೆ ಟಿಸಿಎಸ್ ಇಲ್ಲ. 2025ರ ಏಪ್ರಿಲ್‌ಗೆ ಮೊದಲು ಈ ಗೆರೆ 7 ಲಕ್ಷಕ್ಕಿತ್ತು. ಯೂರೋ ನೂರರ ಹತ್ತಿರ ಅಂದುಕೊಂಡರೆ 11,904 ಯೂರೋಗೇ ಸುಮಾರು 12 ಲಕ್ಷ. ಅಂದರೆ ನಿಮ್ಮಪ್ಪನ ಗೆರೆ ಆಗಲೇ ದಾಟಿದೆ. ಈ ವರ್ಷ ಅವರು ಇನ್ನು ಏನು ಕಳಿಸಿದರೂ, ಅವರ ಪ್ಯಾನ್ ಮೇಲೆ ನೋಟು ತಗೊಂಡರೂ, ಬ್ಯಾಂಕು ಟಿಸಿಎಸ್ ಹಿಡಿಯುತ್ತದೆ. ಅದು ಕಳೆದುಹೋಗುವ ದುಡ್ಡಲ್ಲ, ರಿಟರ್ನ್ ಹಾಕುವಾಗ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ಆದರೆ ಹೊರಡುವ ಗಡಿಬಿಡಿಯಲ್ಲಿ ಅಷ್ಟು ದುಡ್ಡು ಸುಮ್ನೆ ಸಿಕ್ಕಿಕೊಂಡಿರುತ್ತದೆ.

ಅಮ್ಮನಿಗೆ ಪ್ಯಾನ್ ಮತ್ತು ಸ್ವಂತ ಖಾತೆ ಇದ್ದರೆ 850 ಅವರ ಕಡೆಯಿಂದ ಹೋಗಲಿ. ಉದ್ದೇಶದ ಕೋಡ್ S0305, ಓದಿನ ಖರ್ಚಿನದ್ದು. ಕಾರ್ಡ್ ಮತ್ತು ನೋಟು ನಿನ್ನದೇ ಪ್ಯಾನ್ ಮೇಲೆ ತಗೋ.

ಕೋರಮಂಗಲ_ಕಾಫಿ

ಡಿಪಾಸಿಟ್ ವಿಷಯ ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ನಾನು ಹೋಟೆಲ್‌ನಲ್ಲಿ ಇರುವವನು, ಕಂಪನಿ ಕಟ್ಟುತ್ತದೆ. ಆದರೆ ಉಳಿದ 1,150ಕ್ಕೆ ಝೀರೋ ಮಾರ್ಕಪ್ ಡೆಬಿಟ್ ಕಾರ್ಡ್ ಬಿಟ್ಟು ಬೇರೆ ಬೇಡ. ಫಾರೆಕ್ಸ್ ಕಾರ್ಡಲ್ಲಿ ದುಡ್ಡು ತುಂಬಿಸುವಾಗಲೇ ಬ್ಯಾಂಕಿನವರು ಕಿತ್ತುಕೊಂಡಿರುತ್ತಾರೆ.

ನಿವೃತ್ತ_ಕೌಂಟರ್_ನಂ3

ಕಿತ್ತುಕೊಳ್ಳುವುದು ನಿಜ. ಯಾರು ಎಷ್ಟು ಅನ್ನುವುದನ್ನು ನೋಡೋಣ. ಸುಲಭಕ್ಕೆ ಫೋನಿನಲ್ಲಿ ಯೂರೋ ದರ 100 ರೂಪಾಯಿ ತೋರಿಸುತ್ತಿದೆ ಅಂತ ಇಟ್ಟುಕೊಳ್ಳಿ. 1,000 ಯೂರೋಗೆ ಲೆಕ್ಕ.

ಮಾಮೂಲಿ ಡೆಬಿಟ್ ಕಾರ್ಡಿನಲ್ಲಿ ಶೇ. 3.5 ಮಾರ್ಕಪ್ ಇದ್ದರೆ 3,500 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ, 630. ಅಲ್ಲಿಗೆ 1,04,130. ಎಟಿಎಂನಲ್ಲಿ ತೆಗೆದರೆ ಪ್ರತಿ ಸಲದ ಶುಲ್ಕ ಬೇರೆ.

ಫಾರೆಕ್ಸ್ ಕಾರ್ಡಿಗೆ ಬ್ಯಾಂಕು 102.50ರ ದರ ಹೇಳಿತು ಅನ್ನಿ. 1,02,500. ವಿನಿಮಯದ ಮೇಲಿನ ಜಿಎಸ್‌ಟಿ ಪೂರ್ತಿ ದುಡ್ಡಿನ ಮೇಲೆ ಬೀಳುವುದಿಲ್ಲ, ಈ ಮೊತ್ತಕ್ಕೆ ಸುಮಾರು 182 ರೂಪಾಯಿ ಆಗುತ್ತದೆ. ಜೊತೆಗೆ ಕಾರ್ಡ್ ಮಾಡಿಸಿದ ಶುಲ್ಕ ಕೆಲವು ನೂರು. ಹೆಚ್ಚು ಕಮ್ಮಿ 1,03,000. ನಮ್ಮದು ಝೀರೋ ಮಾರ್ಕಪ್ ಫಾರೆಕ್ಸ್ ಕಾರ್ಡ್ ಅಂತ ಬೋರ್ಡ್ ಹಾಕಿದವರೂ ಈ ಎರಡೂವರೆ ರೂಪಾಯಿಯನ್ನು ದರದೊಳಗೇ ಇಟ್ಟಿರಬಹುದು. ಅದನ್ನು ಕಂಡುಹಿಡಿಯಲು ದಾರಿ ಒಂದೇ. ಅವರು ದರ ಹೇಳಿದ ನಿಮಿಷದಲ್ಲೇ ಫೋನ್ ತೆಗೆದು ಮಾರುಕಟ್ಟೆ ದರ ನೋಡಬೇಕು. ವ್ಯತ್ಯಾಸ ಎಷ್ಟೋ ಅದೇ ಅವರ ಲಾಭ. ಕೇಳಿದರೆ ಇಳಿಸುತ್ತಾರೆ ಮಗಳೇ. ನಾನೇ ಇಳಿಸುತ್ತಿದ್ದೆ, ಕೇಳಿದವರಿಗೆ ಮಾತ್ರ. ನೂರರಲ್ಲಿ ತೊಂಬತ್ತು ಜನ ಕೇಳುತ್ತಿರಲಿಲ್ಲ.

ನಿಜವಾದ ಝೀರೋ ಮಾರ್ಕಪ್ ಡೆಬಿಟ್ ಕಾರ್ಡ್ ಆದರೆ 1,00,000ದ ಆಸುಪಾಸಿಗೇ ಮುಗಿಯುತ್ತದೆ. ಆದ್ದರಿಂದ ದರದ ಮಟ್ಟಿಗೆ ಕಾಫಿಯವರ ಮಾತು ಸರಿ. ತೀರಾ ದುಬಾರಿ ಅಂದರೆ ವಿಮಾನ ನಿಲ್ದಾಣದ ಕೌಂಟರಿನ ನೋಟು. ಅಲ್ಲಿ ಯೂರೋಗೆ 107 ಹೇಳಿದರೂ ಕೊಂಡುಬಿಡುತ್ತಾರೆ, ಯಾಕೆಂದರೆ ಆ ಹೊತ್ತಿಗೆ ಬೇರೆ ದಾರಿ ಇರುವುದಿಲ್ಲ.

ಕೋರಮಂಗಲ_ಕಾಫಿ

ಅಂತೂ ಗೆದ್ದೆ.

ಎಲ್ಬೆ_ದಂಡೆ_ಹೈದ

ಅರ್ಧ ಗೆದ್ದಿರಿ ಸರ್ 😄 ಆಮ್‌ಸ್ಟರ್‌ಡ್ಯಾಮ್ ಲೆಕ್ಕ ಡ್ರೆಸ್ಡೆನ್‌ಗೆ ಹೊಂದಲ್ಲ. ಇಲ್ಲಿ ಬೇಕರಿ, ಕಬಾಬ್ ಅಂಗಡಿ, ವಾರದ ಸಂತೆ, ಸೆಕೆಂಡ್ ಹ್ಯಾಂಡ್ ಸೈಕಲ್, ಇವೆಲ್ಲ ಇನ್ನೂ ನೋಟಲ್ಲೇ ನಡೆಯುವುದು ಜಾಸ್ತಿ. ಬಾಗಿಲಲ್ಲಿ "Nur Barzahlung" ಅಂತ ಚೀಟಿ ಅಂಟಿಸಿದ್ದರೆ ನೋಟು ಮಾತ್ರ ಅಂತ ಅರ್ಥ. ಇನ್ನು ಕೆಲವು ಕಡೆ ಕಾರ್ಡ್ ಮಿಷನ್ ಕಾಣುತ್ತದೆ, ಆದರೆ ಅದು ಜರ್ಮನ್ ಬ್ಯಾಂಕಿನ ಗಿರೋಕಾರ್ಡ್ ಮಾತ್ರ ತಗೊಳ್ಳುತ್ತದೆ. ನಮ್ಮ ವೀಸಾ, ಮಾಸ್ಟರ್‌ಕಾರ್ಡ್ ಇಟ್ಟರೆ ಬೇಡ ಅನ್ನುತ್ತದೆ. ಆಗ ಕಾರ್ಡ್ ಕೆಟ್ಟಿದೆ ಅಂತ ಹೆದರಬೇಡ ತಂಗಿ. ದೊಡ್ಡ ಸೂಪರ್ ಮಾರ್ಕೆಟ್, ರೈಲು ಟಿಕೆಟ್ ಎಲ್ಲ ಕಾರ್ಡಲ್ಲೇ ಆಗುತ್ತದೆ.

ನಾನಾದರೆ 300ರಿಂದ 350 ಯೂರೋ ನೋಟಲ್ಲಿ ತರುತ್ತಿದ್ದೆ. ಕೊಳ್ಳುವಾಗ 10, 20, 50ರ ನೋಟೇ ಬೇಕು ಅಂತ ಹಟ ಹಿಡಿ. ನಮ್ಮ ಕಡೆ ಕೌಂಟರಿನವರು ನೂರು, ಇನ್ನೂರರ ನೋಟು ತಳ್ಳಿ ಕಳಿಸುತ್ತಾರೆ. ಬೆಳಗ್ಗೆ ಬೇಕರಿಯಲ್ಲಿ ಎರಡು ಯೂರೋ ಬ್ರೆಡ್‌ಗೆ 200ರ ನೋಟು ಚಾಚಿದರೆ ಆ ಹೆಂಗಸು ನೋಡುವ ನೋಟ ನೀನೇ ಅನುಭವಿಸಬೇಕು.

ಶಿರಸಿ_ಅಪ್ಪೆಹುಳಿ

ಅಪ್ಪ ಪೂರ್ತಿ ನೋಟು ಕೊಟ್ಟರೆ ಏರ್‌ಪೋರ್ಟಲ್ಲಿ ಹಿಡಿಯುತ್ತಾರೆ ಅಲ್ವಾ? ನಮ್ಮ ಟೂರ್ ಮ್ಯಾನೇಜರ್ ಹಾಗೇ ಹೆದರಿಸಿದ್ದ.

ನಿವೃತ್ತ_ಕೌಂಟರ್_ನಂ3

ಇಲ್ಲ. ಒಂದು ಪ್ರಯಾಣಕ್ಕೆ 3,000 ಡಾಲರ್‌ನಷ್ಟು ವಿದೇಶಿ ನೋಟು ಒಯ್ಯಬಹುದು, ಉಳಿದದ್ದು ಕಾರ್ಡ್ ಥರದ ರೂಪದಲ್ಲಿರಬೇಕು. 1,150 ಯೂರೋ ಅದರೊಳಗೇ ಬರುತ್ತದೆ. ಯೂರೋಪಿನ ಒಕ್ಕೂಟದ ಗಡಿಯಲ್ಲಿ ಘೋಷಣೆ ಬರೆಯಬೇಕಾದದ್ದು 10,000 ಯೂರೋ ಮುಟ್ಟಿದರೆ. ತೊಂದರೆ ಕಾನೂನಿಂದಲ್ಲ, ಕಳ್ಳತನದಿಂದ. ನೋಟು ಹೋದರೆ ಹೋಯಿತು, ಕಾರ್ಡ್ ಹೋದರೆ ಒಂದು ಫೋನಿಗೆ ಬ್ಲಾಕ್ ಆಗುತ್ತದೆ.

ಒಂದು ಮಾತು ಅಪ್ಪನಿಗೆ ಹೇಳು. ಮಂಡಿಯ ನಗದು ತಂದು ಕೌಂಟರಿನಲ್ಲಿ ಸುರಿಯುವ ಹಾಗಿಲ್ಲ. 50,000 ರೂಪಾಯಿಯಿಂದ ಮೇಲಿನ ವಿದೇಶಿ ವಿನಿಮಯಕ್ಕೆ ಚೆಕ್ ಅಥವಾ ಖಾತೆಯಿಂದಲೇ ದುಡ್ಡು ಬರಬೇಕು. ಪಾಸ್‌ಪೋರ್ಟ್, ವೀಸಾ, ಟಿಕೆಟ್, ಪ್ಯಾನ್, ಯೂನಿವರ್ಸಿಟಿಯ ಪತ್ರ ಇವುಗಳ ಪ್ರತಿ ಇಟ್ಟುಕೋ. ಎ2 ಫಾರಂಗೆ ಸಹಿ ಮಾಡಿಸುತ್ತಾರೆ. ರಸೀದಿ ಬಿಸಾಡಬೇಡ.

ಅಮ್ಮ_ಮೈಸೂರಿಂದ

ನನ್ನ ಮಗ ಡಲ್ಲಾಸ್‌ಗೆ ಹೋದಾಗಿನ ಕಥೆ ಹೇಳುತ್ತೇನೆ. ಫಾರೆಕ್ಸ್ ಕಾರ್ಡಲ್ಲಿ 1,200 ಡಾಲರ್ ಹಾಕಿಸಿದ್ದೆವು. ಮೊದಲ ಮೂರು ದಿನ ಒಂದು ಹೋಟೆಲ್‌ನಲ್ಲಿದ್ದ. ಅವರು ಬಾಡಿಗೆ ಅಲ್ಲದೆ ಇನ್ನೂ 300 ಡಾಲರ್ ಭದ್ರತೆಗೆ ಅಂತ ಕಾರ್ಡಿನ ಮೇಲೆ ಹಿಡಿದಿಟ್ಟರು. ಖಾಲಿ ಮಾಡುವಾಗ ಬಿಟ್ಟಿದ್ದೇವೆ ಅಂದರು. ಆದರೆ ಕಾರ್ಡಿಗೆ ಬಂದದ್ದು ಮೂರು ವಾರದ ಮೇಲೆ. ಹೋಟೆಲಿಗೆ ಕೇಳಿದರೆ ಬ್ಯಾಂಕಿಗೆ ಕೇಳಿ ಅಂತಾರೆ, ಬ್ಯಾಂಕಿಗೆ ಕೇಳಿದರೆ ಹೋಟೆಲಿಗೆ ಕೇಳಿ ಅಂತಾರೆ. ಮಗು ಆ ಮೂರು ವಾರ ಬ್ರೆಡ್ ತಿಂದುಕೊಂಡಿತ್ತು. ನನಗೆ ಗೊತ್ತಾಗಿದ್ದು ಆಮೇಲೆ.

ಇನ್ನೊಂದು, ಕಾರ್ಡಿಗೆ ಮತ್ತೆ ದುಡ್ಡು ತುಂಬಿಸೋಣ ಅಂತ ಶುಕ್ರವಾರ ಸಂಜೆ ಹೋದರೆ ಸೋಮವಾರವೇ ಆಗುವುದು ಅಂದರು. ಅದೂ ನನ್ನ ಖಾತೆಯಿಂದ ಆಗಲ್ಲ, ಮಗನ ಖಾತೆಯಿಂದಲೇ ಆಗಬೇಕಂತೆ.

ಕೋರಮಂಗಲ_ಕಾಫಿ

ಅಮ್ಮಾ, ನಮ್ಮ ಬ್ಯಾಂಕಿನಲ್ಲಿ ಅಪ್ಪ ಅಮ್ಮನ ಖಾತೆಯಿಂದಲೂ ತುಂಬಿಸಬಹುದು.

ಅಮ್ಮ_ಮೈಸೂರಿಂದ

ಇರಬಹುದಪ್ಪ, ನಮ್ಮಲ್ಲಿ ಆಗಲಿಲ್ಲ.

ನಿವೃತ್ತ_ಕೌಂಟರ್_ನಂ3

ಬ್ಯಾಂಕಿಂದ ಬ್ಯಾಂಕಿಗೆ ಬೇರೆ. ಕಾರ್ಡ್ ತಗೊಳ್ಳುವ ದಿನವೇ, ನಾನು ಊರಲ್ಲಿ ಇಲ್ಲದಾಗ ಯಾರು, ಯಾವ ಖಾತೆಯಿಂದ, ಹೇಗೆ ತುಂಬಿಸಬೇಕು ಅಂತ ಕೇಳಿ ಬರೆದುಕೊಳ್ಳಬೇಕು. ಹೋಟೆಲ್ ಭದ್ರತೆಯ ವಿಷಯದಲ್ಲಿ ಫಾರೆಕ್ಸ್ ಕಾರ್ಡ್, ಡೆಬಿಟ್ ಕಾರ್ಡ್ ಎರಡರದ್ದೂ ಒಂದೇ ಹಣೆಬರಹ. ನಮ್ಮ ನಿಜವಾದ ದುಡ್ಡೇ ಸಿಕ್ಕಿಕೊಳ್ಳುತ್ತದೆ.

ವಿಜಯಪುರ_ಜೋಳದರೊಟ್ಟಿ

ನನ್ನ ತಪ್ಪು ಕೇಳ್ರಿ. ಡಾಲರ್ ಎಲ್ಲಾ ಕಡೆ ನಡೀತದ ಅಂತ ಯಾರೋ ಹೇಳಿದ್ರು, ಡಾಲರ್ ತುಂಬಿಸಿದ ಕಾರ್ಡ್ ಹಿಡ್ಕೊಂಡು ಮ್ಯೂನಿಕ್‌ಗೆ ಹೋದೆ. ರೂಪಾಯಿಯಿಂದ ಡಾಲರ್ ಆಗುವಾಗ ಒಂದು ಸಲ ಹೋಯ್ತು, ಡಾಲರ್‌ನಿಂದ ಯೂರೋ ಆಗುವಾಗ ಇನ್ನೊಂದು ಸಲ ಹೋಯ್ತು. ಯೂರೋ ಕಾರ್ಡ್ ಮಾಡಿಸ್ಕೊಂಡವರೂ ಪ್ರಾಗ್, ಜ್ಯೂರಿಕ್ ಕಡೆ ತಿರುಗಾಡಕ್ಕ ಹೋದ್ರ ಇದೇ ಕಥಿ. ಅಲ್ಲಿ ಯೂರೋ ಅಲ್ಲ, ಕೊರೂನಾ, ಫ್ರಾಂಕ್.

ಮತ್ತೊಂದು. ರೈಲ್ವೆ ಸ್ಟೇಷನ್ ಎಟಿಎಂನಾಗ 200 ಯೂರೋ ತೆಗೆಯುವಾಗ, ನಿಮ್ಮ ಖಾತೆಯಿಂದ ಇಷ್ಟು ಹೋಗ್ತದ ಅಂತ ಬೇರೆ ಕರೆನ್ಸಿಯೊಳಗ ಲೆಕ್ಕ ತೋರಿಸ್ತು. ನಮ್ಮ ಕಡೆ ರೊಕ್ಕ ಅಲಾ, ಅಂತ ಖುಷಿಯಿಂದ ಒತ್ತಿಬಿಟ್ಟೆ. ಆಮ್ಯಾಲೆ ನೋಡಿದ್ರ ಮಾರುಕಟ್ಟೆ ದರಕ್ಕಿಂತ ಹತ್ತು ಪರ್ಸೆಂಟ್ ಜಾಸ್ತಿ ಹೋಗಿತ್ತು.

ಎಲ್ಬೆ_ದಂಡೆ_ಹೈದ

ಅದು ಎಲ್ಲರೂ ಬೀಳುವ ಹಳ್ಳ. ತಂಗಿ, ಎಟಿಎಂ ಆಗಲಿ ಅಂಗಡಿಯ ಮಿಷನ್ ಆಗಲಿ, INR ಬೇಕಾ EUR ಬೇಕಾ ಅಂತ ಕೇಳಿದರೆ ಕಣ್ಣು ಮುಚ್ಚಿ EUR ಒತ್ತು. ಎಟಿಎಂನಲ್ಲಿ "Without conversion" ಅಂತ ಇರುತ್ತದೆ. ಆ ಗುಂಡಿಯನ್ನು ಸಣ್ಣದಾಗಿ, ಬೂದು ಬಣ್ಣದಲ್ಲಿ ಮೂಲೆಗೆ ಇಟ್ಟಿರುತ್ತಾರೆ. ಒತ್ತಿದ ಮೇಲೆ ಖಂಡಿತಾ ಬೇಡವಾ ಅಂತ ಇನ್ನೊಂದು ಸಲ ಹೆದರಿಸುತ್ತದೆ. ಹೆದರಬೇಡ. ಯೂರೋ ತುಂಬಿಸಿದ ಫಾರೆಕ್ಸ್ ಕಾರ್ಡಲ್ಲಿ ರೂಪಾಯಿ ಒತ್ತಿದರಂತೂ ಇನ್ನೂ ಕೆಟ್ಟದ್ದು. ಯೂರೋ ರೂಪಾಯಿಯಾಗಿ, ಆ ರೂಪಾಯಿ ಮತ್ತೆ ನಿನ್ನ ಕಾರ್ಡಿನ ಯೂರೋದಿಂದ ಕಳೆಯುತ್ತದೆ. ಎರಡು ಕಡೆಯೂ ಪೆಟ್ಟು.

ಎಟಿಎಂನ ಬ್ಯಾಂಕು ತನ್ನ ಶುಲ್ಕ ಬೇರೆ ಕೇಳಬಹುದು. ತೆಗೆಯುವ ಮೊದಲೇ ಪರದೆ ಮೇಲೆ ತೋರಿಸುತ್ತದೆ, ಜಾಸ್ತಿ ಅನ್ನಿಸಿದರೆ ರದ್ದು ಮಾಡಿ ಪಕ್ಕದ ಬ್ಯಾಂಕಿಗೆ ಹೋಗು. 20-20 ಅಂತ ಹತ್ತು ಸಲ ತೆಗೆಯುವ ಬದಲು 200 ಒಂದೇ ಸಲ ತೆಗಿ.

ಬೆಣ್ಣೆದೋಸೆ_ದಾವಣಗೆರೆ

ಹಾಗಾದರೆ ಅಣ್ಣ ಹೇಳಿದ ಡೆಬಿಟ್ ಕಾರ್ಡ್ ಪೂರ್ತಿ ಬೇಡವಾ? ನನ್ನದು ರುಪೇ ಕಾರ್ಡ್.

ನಿವೃತ್ತ_ಕೌಂಟರ್_ನಂ3

ಬೇಕು, ಆದರೆ ಆಪತ್ತಿಗೆ. ಮತ್ತೆ ರುಪೇ ಬೇಡ. ಸಾಮಾನ್ಯ ರುಪೇ ಹೊರಗೆ ನಡೆಯುವುದಿಲ್ಲ, ಗ್ಲೋಬಲ್ ಅಂತ ಬರೆದದ್ದಕ್ಕೂ ಜರ್ಮನಿಯ ಅಂಗಡಿಗಳಲ್ಲಿ ಭರವಸೆ ಇಡಬೇಡ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕೇಳಿ ಬದಲಾಯಿಸಿಕೋ. ಹೊರಡಲು ಮೂರು ವಾರ ಇರುವಾಗಲೇ ಅರ್ಜಿ ಕೊಡು.

ಕಾರ್ಡ್ ಮೇಲೆ ಇಂಟರ್‌ನ್ಯಾಷನಲ್ ಅಂತ ಅಚ್ಚಾಗಿದ್ದರೆ ನಡೆಯುತ್ತದೆ ಅಂತಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ಹೊರದೇಶದ ಬಳಕೆಯನ್ನು ನೀನೇ ಆ್ಯಪ್‌ನಲ್ಲಿ ಆನ್ ಮಾಡಬೇಕು. ಎಟಿಎಂಗೆ ಒಂದು, ಅಂಗಡಿಗೆ ಒಂದು, ಆನ್‌ಲೈನ್‌ಗೆ ಒಂದು, ಹೀಗೆ ಬೇರೆ ಬೇರೆ ಸ್ವಿಚ್. ಪ್ರತಿಯೊಂದಕ್ಕೂ ದಿನದ ಮಿತಿ ಬೇರೆ. ಸ್ವಿಚ್ ಆನ್ ಇದ್ದು ಮಿತಿ ಸೊನ್ನೆ ಇದ್ದರೂ ಕಾರ್ಡ್ ಬೇಡ ಅನ್ನುತ್ತದೆ. ಎಷ್ಟೋ ಜನ ಇದನ್ನು ನೋಡದೆ ಬ್ಯಾಂಕನ್ನು ಬೈಯುತ್ತಾರೆ.

ಊರಿನ ಸಿಮ್‌ಗೆ ಹೊರಡುವ ಮೊದಲೇ ಇಂಟರ್‌ನ್ಯಾಷನಲ್ ರೋಮಿಂಗ್ ಹಾಕಿಸು. ಆ ಮಿತಿ ಬದಲಾಯಿಸಲು, ಪಿನ್ ಬದಲಾಯಿಸಲು, ಎಲ್ಲದಕ್ಕೂ ಒಟಿಪಿ ಬರುವುದು ಆ ನಂಬರಿಗೆ. ಕಾಫಿಯವರ ಒಂದೇ ಕಾರ್ಡ್, ಒಂದೇ ಆ್ಯಪ್ ಲೆಕ್ಕಕ್ಕೆ ನಾನು ಒಪ್ಪದೇ ಇರುವುದು ಇದಕ್ಕೇ. ಫೋನ್ ಕಳೆದರೆ ಅಥವಾ ಬ್ಯಾಂಕಿನವರಿಗೆ ಅನುಮಾನ ಬಂದು ಕಾರ್ಡ್ ತಡೆದರೆ, ಆ ದಿನ ಆ ಹುಡುಗಿಯ ಹತ್ತಿರ ಏನೂ ಇರುವುದಿಲ್ಲ. ಎರಡು ಸಾವಿರ ರೂಪಾಯಿ ಉಳಿಸಲು ಹೋಗಿ ಅಷ್ಟು ದೊಡ್ಡ ಅಪಾಯ ಬೇಡ.

ಕೋರಮಂಗಲ_ಕಾಫಿ

ಹಾಗಾದರೆ ಎರಡು ಬ್ಯಾಂಕಿನ ಎರಡು ಝೀರೋ ಮಾರ್ಕಪ್ ಕಾರ್ಡ್ ಇಟ್ಟುಕೊಳ್ಳಲಿ. ಫಾರೆಕ್ಸ್ ಕಾರ್ಡಿಗೆ ಆ್ಯಪ್ ಬೇಡವಾ? ಒಟಿಪಿ ಬೇಡವಾ? ನೀವು ಕೌಂಟರಿನಲ್ಲಿ ಕೂತವರು, ನಿಮಗೆ ಅದರ ಮೇಲೆ ಪ್ರೀತಿ.

ನಿವೃತ್ತ_ಕೌಂಟರ್_ನಂ3

ಪ್ರೀತಿ ಇರಬಹುದು. ಎರಡು ಬೇರೆ ಬ್ಯಾಂಕಿನದ್ದು ಅಂದರೆ ನನ್ನ ತಕರಾರು ಕಮ್ಮಿ. ಆದರೂ ಫಾರೆಕ್ಸ್ ಕಾರ್ಡ್ ಕಳ್ಳರ ಕೈಗೆ ಸಿಕ್ಕರೆ ಅದರಲ್ಲಿರುವಷ್ಟೇ ಹೋಗುತ್ತದೆ, ಊರಿನ ಖಾತೆಗೆ ಕೈ ಹಾಕಲು ಆಗುವುದಿಲ್ಲ. ಮೊದಲ ಸಲ ಹೋಗುವ ಮಕ್ಕಳಿಗೆ ನನಗೆ ಅದೇ ಸಮಾಧಾನ.

ಎಲ್ಬೆ_ದಂಡೆ_ಹೈದ

ಇವರಿಬ್ಬರೂ ಮುಗಿಸಲ್ಲ. ತಂಗಿ, ನೀನು ಹೀಗೆ ಮಾಡು. 850 ಅಮ್ಮನ ಖಾತೆಯಿಂದ ಈಗಲೇ ಹೋಗಲಿ. 350 ನೋಟು, ದಾವಣಗೆರೆ ಅಥವಾ ಬೆಂಗಳೂರಲ್ಲಿ ಕೊಂಡುಕೋ, ಏರ್‌ಪೋರ್ಟಲ್ಲಿ ಬೇಡ. ಯೂರೋ ಫಾರೆಕ್ಸ್ ಕಾರ್ಡಿಗೆ 800 ಸಾಕು, ಪೂರ್ತಿ ತುಂಬಿಸಬೇಡ. ಉಳಿದರೆ ಬ್ಯಾಂಕು ಕಮ್ಮಿ ದರಕ್ಕೆ ವಾಪಸ್ ಕೊಳ್ಳುತ್ತದೆ. ಅದರ ಜೊತೆ ಎರಡನೇ ಕಾರ್ಡ್ ಕೊಡುತ್ತಾರಾ ಕೇಳು, ಕೊಟ್ಟರೆ ಅದು ಪರ್ಸಲ್ಲಿ ಬೇಡ, ಬ್ಯಾಗಲ್ಲಿರಲಿ. ಡೆಬಿಟ್ ಕಾರ್ಡಿನ ಖಾತೆಯಲ್ಲಿ ಒಂದು 50,000 ರೂಪಾಯಿ ಇಟ್ಟು ಮರೆತುಬಿಡು.

ಬೆಣ್ಣೆದೋಸೆ_ದಾವಣಗೆರೆ

ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಕೌಂಟರಿನವರು ಲಾಭ ಒಪ್ಪಿಕೊಂಡಿದ್ದು ಅವರಿಗೆ ತುಂಬಾ ಹಿಡಿಸಿತು. ನಾಳೆ ದರ ಚೌಕಾಸಿ ಮಾಡಲು ತಾವೇ ಬರುತ್ತಾರಂತೆ.

ಬೆಣ್ಣೆದೋಸೆ_ದಾವಣಗೆರೆ (ಐದು ವಾರದ ನಂತರ)

ಡ್ರೆಸ್ಡೆನ್‌ನಿಂದ ಬರೆಯುತ್ತಿದ್ದೇನೆ. ಅಪ್ಪ ಬ್ಯಾಂಕಿನಲ್ಲಿ ಯೂರೋಗೆ 90 ಪೈಸೆ ಇಳಿಸಿದರು. ಅಲ್ಲಿಂದ ಎಲ್ಲರಿಗೂ ಅದೇ ಕಥೆ ಹೇಳುತ್ತಿದ್ದಾರೆ.

850 ಪೂರ್ತಿ ಮುಟ್ಟಿತ್ತು, ಬಂದ ದಿನವೇ ಬೀಗದ ಕೈ ಕೊಟ್ಟರು. ನನ್ನ ಜೊತೆ ಬಂದ ಹುಡುಗಿಯೊಬ್ಬಳು ಕಾರ್ಡ್ ಹಿಡಿದು ಆಫೀಸಿನ ಮುಂದೆ ನಿಂತಿದ್ದಳು. ಅವಳ ಮನೆಯವರು ಕಳಿಸಿದ ದುಡ್ಡು ಮುಟ್ಟಲು ನಾಲ್ಕು ದಿನ ಆಯಿತು, ಅಲ್ಲಿಯವರೆಗೆ ನನ್ನ ರೂಮಲ್ಲೇ ಮಲಗಿದಳು.

ನೋಟು ಅಂದುಕೊಂಡಿದ್ದಕ್ಕಿಂತ ಬೇಗ ಖಾಲಿ. ಸೆಕೆಂಡ್ ಹ್ಯಾಂಡ್ ಸೈಕಲ್‌ಗೆ 90, ಪಾತ್ರೆ ಮತ್ತು ಕುಕ್ಕರ್ ಬಿಟ್ಟುಹೋಗುವ ಸೀನಿಯರ್‌ಗೆ 60, ಎಲ್ಲ ಕೈಗೇ. ಎರಡನೇ ವಾರ ಫಾರೆಕ್ಸ್ ಕಾರ್ಡಿಂದ 200 ತೆಗೆದೆ. ಆ ಬೂದು ಗುಂಡಿ ಕಂಡಾಗ ನಗು ಬಂತು.

ಡೆಬಿಟ್ ಕಾರ್ಡ್ ಒಂದೇ ಸಲ ಬೇಕಾಯಿತು, ಆಗ ನಡೆಯಲಿಲ್ಲ. ಅಂಗಡಿಯ ಸ್ವಿಚ್ ಆನ್ ಮಾಡಿದ್ದೆ, ಎಟಿಎಂನ ಮಿತಿ ಸೊನ್ನೆಯಲ್ಲೇ ಇತ್ತು! ರೋಮಿಂಗ್ ಹಾಕಿಸಿದ್ದರಿಂದ ಒಟಿಪಿ ಬಂತು, ಎಟಿಎಂ ಮುಂದೆ ನಿಂತೇ ಸರಿ ಮಾಡಿಕೊಂಡೆ. ಇಲ್ಲಿನ ಖಾತೆ ಮೊನ್ನೆ ಶುರುವಾಯಿತು. ಫಾರೆಕ್ಸ್ ಕಾರ್ಡಲ್ಲಿ ಇನ್ನೂ 140 ಇದೆ, ದಿನಸಿಗೆ ಉಜ್ಜಿ ಮುಗಿಸುತ್ತೇನೆ.

ಒಂದು ಸಂದೇಹ ಉಳಿದಿದೆ. ಊರಿನ ಸೇವಿಂಗ್ಸ್ ಖಾತೆಯನ್ನು ಎನ್‌ಆರ್‌ಒ, ಅಂದರೆ ಹೊರದೇಶದಲ್ಲಿರುವ ಭಾರತೀಯರ ಖಾತೆ, ಮಾಡಿಸಬೇಕು ಅಂತ ಇಲ್ಲಿ ಒಬ್ಬರು ಹೇಳಿದರು. ಓದಲು ಬಂದವರಿಗೂ ಅದು ಬೇಕಾ?

ನಿವೃತ್ತ_ಕೌಂಟರ್_ನಂ3

ಓದಲು ಹೋದವರನ್ನೂ ವಿದೇಶಿ ವಿನಿಮಯದ ಕಾನೂನಾದ ಫೆಮಾದಡಿ ಎನ್‌ಆರ್‌ಐ ಅಂತಲೇ ನೋಡುತ್ತಾರೆ, ಆದ್ದರಿಂದ ಮಾಡಿಸಬೇಕು ಮಗಳೇ. ಬ್ಯಾಂಕಿಗೆ ತಿಳಿಸಿಬಿಡು.

ಕೋರಮಂಗಲ_ಕಾಫಿ

ಎಲ್ಲಾ ಸ್ಟೂಡೆಂಟ್ಸ್ ಹಾಗೇ ಇಟ್ಟುಕೊಂಡಿರುತ್ತಾರೆ ಸರ್, ಯಾರೂ ಕೇಳಲ್ಲ. ಎನ್‌ಆರ್‌ಒ ಮಾಡಿದರೆ ಅವಳ ಡೆಬಿಟ್ ಕಾರ್ಡ್, ಯುಪಿಐ ಎಲ್ಲ ಹೊಸದಾಗಿ ಮಾಡಿಸಬೇಕಾಗುತ್ತದೆ.

ನಿವೃತ್ತ_ಕೌಂಟರ್_ನಂ3

ಯಾರೂ ಕೇಳದೇ ಇರುವುದಕ್ಕೂ ಸರಿ ಇರುವುದಕ್ಕೂ ವ್ಯತ್ಯಾಸ ಇದೆಯಪ್ಪ.

ಶಿರಸಿ_ಅಪ್ಪೆಹುಳಿ

ಆ 140 ಯೂರೋ ಇಟ್ಟುಕೋ ತಂಗಿ, ಬ್ಯಾಂಕಾಕ್‌ಗೆ ಬರುವಾಗ ಬೇಕಾಗುತ್ತದೆ.